ದಾಸಾಳ ಮೊಗ್ಗಿ ಅರಳೂ ಮೊದಲೇ ಹಳದಿ ಆಗಿ ಉದುರ್ಲಕತ್ತಾವಾ? ಔಷಧ ತರೂ ಮೊದಲ ಬಿದ್ದ ಮೊಗ್ಗಿ ಕೊಯ್ದು ನೋಡ್ರಿ

ಏಪ್ರಿಲ್ ಎರಡನೇ ವಾರದಾಗ ಒಂದಿನ ಮುಂಜಾನಿ ಮಾಳಗಿ ಮ್ಯಾಲ ಹೋದ್ರ ಹಳದಿ ದಾಸಾಳದ ಪಾಟಿನ ಸುತ್ತ ಏಳು ಮೊಗ್ಗಿ ಬಿದ್ದಿದ್ವು. ಒಂದೂ ಅರಳಿದ್ದಲ್ಲ, ಎಲ್ಲಾ ಮುಚ್ಚಿದ್ದಂಗೇ ಹಳದಿ ಆಗಿ ಬಿದ್ದಿದ್ವು. ಬಾಜೂಕ ಇದ್ದ ಗುಲಾಬಿ ಬಣ್ಣದ ಮುದ್ದೆ ದಾಸಾಳದ ಕೆಳಗ ಮೂರು. ಆದ್ರ ಕೆಳಗ ಅಂಗಳದಾಗ ನೆಲಕ್ಕ ಹಚ್ಚಿದ ಹಳೇ ಕೆಂಪು ದಾಸಾಳ ಮಾತ್ರ ದಿನಾ ಹತ್ತು ಹೂ ಕೊಡ್ಲಕತ್ತಿತ್ತು, ಅದಕ್ಕೇನೂ ಆಗಿದ್ದಿಲ್ಲ. ನಾವಿರೂದು ಕಲಬುರಗಿಯಾಗ, ಮನಿ ಒಂದೇ, ನೀರು ಒಂದೇ, ಬಿಸಿಲೂ ಒಂದೇ, ಆದ್ರ ಎರಡು ಗಿಡ ಹಿಂಗ ಒಂದು ಗಿಡ ಹಂಗ ಯಾಕ ಅನ್ನೂದೇ ನನಗ ತಿಳೀವಲ್ದಾಗಿತ್ತು. ಅದನ್ನ ಪೂರಾ ತಿಳ್ಕೊಳ್ಳೂದ್ರಾಗ ಆಗಸ್ಟ್ ಬಂತು, ಯಾಕಂದ್ರ ನಮ್ಮಲ್ಲಿ ಕಾರಣ ಒಂದಲ್ಲ, ನೀರು, ಕಾವು, ಹುಳ ಮೂರೂ ಇದ್ವು, ಒಂದರ ಹಿಂದ ಒಂದು ಬಂದ್ವು. ಒಂದನ್ನ ರಿಪೇರಿ ಮಾಡಿದ್ರ ಇನ್ನೊಂದು ತಲಿ ಎತ್ತತಿತ್ತು.

ನಿಮ್ಮಲ್ಲೂ ಹಿಂಗೇ ಆಗ್ಲಕತ್ತಿದ್ರ ಮೊದಲ ಒಂದು ಮಾತು ಕೇಳ್ರಿ. ಮೊಗ್ಗಿ ಬಿತ್ತು ಅಂದ ತಕ್ಷಣ ನೀರು ಜಾಸ್ತಿ ಹಾಕೂದು, ಗೊಬ್ಬರ ಹಾಕೂದು, ಪಾಟ್ ಎತ್ತಿ ಬ್ಯಾರೆ ಕಡಿ ಇಡೂದು, ಅಂಗಡಿಯಿಂದ ಔಷಧ ತಂದು ಹೊಡೆಯೂದು, ಈ ನಾಲ್ಕೂ ಒಂದೇ ವಾರದಾಗ ಮಾಡಬ್ಯಾಡ್ರಿ. ಮಾಡಿದ್ರ ಯಾವುದರಿಂದ ಛಲೋ ಆಯ್ತು ಯಾವುದರಿಂದ ಕೆಟ್ಟಿತು ಒಂದೂ ಗೊತ್ತಾಗೂದಿಲ್ಲ, ಮ್ಯಾಲಿಂದ ಜಾಗ ಬದಲಿ ಮಾಡಿದ್ದಕ್ಕೇ ದಾಸಾಳ ಮತ್ತ ಒಂದಿಷ್ಟು ಮೊಗ್ಗಿ ಉದುರಿಸ್ತದ.

ಉದುರಿದ ಮೊಗ್ಗಿ ನಿನ್ನಿ ಕಥಿ ಹೇಳ್ತದ, ಇವತ್ತಿಂದಲ್ಲ

ದಾಸಾಳದ ಹೂವಿನ ತೊಟ್ಟು ನೋಡಿದ್ರ ಮೊಗ್ಗಿಗೆ ಹತ್ತಿರ, ಮ್ಯಾಲಿನ ಭಾಗದಾಗ, ಒಂದು ಸಣ್ಣ ಗಂಟಿನಂಥ ಗೆರಿ ಕಾಣ್ತದ. ಗಿಡಕ್ಕ ಏನರ ತ್ರಾಸ ಆದ್ರ ಆ ಜಾಗದಾಗೇ ಸಂದು ಬಿಡ್ತದ. ಮೊದಲ ತೊಟ್ಟು ಹಳದಿ ಆಗ್ತದ, ಆಮ್ಯಾಲ ಮೊಗ್ಗಿಯ ಬುಡ ಹಳದಿ ಆಗ್ತದ, ಆಮ್ಯಾಲ ಕೈ ತಾಗಿದ್ರ ಸಾಕು ಟಕ್ ಅಂತ ಬೀಳ್ತದ. ಇದು ಒಂದು ತಾಸಿನ ಕೆಲಸ ಅಲ್ಲ. ಇವತ್ತು ಬಿದ್ದ ಮೊಗ್ಗಿಗೆ ಪೆಟ್ಟು ಬಿದ್ದದ್ದು ಎರಡು ಮೂರು ದಿನ ಹಿಂದ, ಹುಳದ ಕಾಟ ಇದ್ರ ಹೆಚ್ಚು ಕಮ್ಮಿ ಒಂದು ವಾರದ ಹಿಂದ. ಅದಕ್ಕ "ಇವತ್ತು ನೀರು ಹಾಕೀನಲ್ಲ, ಮತ್ತ್ಯಾಕ ಬಿತ್ತು" ಅಂತ ಕೇಳೂದ್ರಾಗ ಅರ್ಥ ಇಲ್ಲ. ಸೋಮವಾರ ಏನಾಗಿತ್ತು, ಮಂಗಳವಾರ ಏನಾಗಿತ್ತು ಅಂತ ನೆನಪು ಮಾಡ್ಕೋಬೇಕು.

ನಾನು ಮಾಡಿದ್ದು ಇಷ್ಟೇ. ಅಡಗಿ ಮನಿ ಕ್ಯಾಲೆಂಡರಿನ ಮ್ಯಾಲ ದಿನಾ ಮೂರು ಬರೀಲಕ ಶುರು ಮಾಡ್ದೆ: ನೀರು ಎಷ್ಟು ತಂಬಗಿ, ಮಧ್ಯಾಹ್ನ 3 ಗಂಟೆಕ್ಕ ಎಲಿ ಹೆಂಗಿದ್ವು, ಮೊಗ್ಗಿ ಎಷ್ಟು ಬಿದ್ವು. ಬಿದ್ದ ಮೊಗ್ಗಿ ಒಂದೂ ಬಿಡದಂಗ ಆರಿಸಿ ಸ್ಟೀಲ್ ತಾಟಿನ್ಯಾಗ ಹಾಕಿ, ಬ್ಲೇಡಿನಿಂದ ತುದಿಯಿಂದ ಬುಡದ ತನಕ ಉದ್ದಕ ಸೀಳಿ ನೋಡೂದು. ಈ ಸೀಳಿ ನೋಡೂದು ಎರಡು ನಿಮಿಷದ ಕೆಲಸ, ಆದ್ರ ಅರ್ಧ ಉತ್ತರ ಇದರಾಗೇ ಅದ.

ಸೀಳಿದಾಗ ಒಳಗ ಪಕಳಿ ಸ್ವಚ್ಛ ಇದ್ದು, ಬರೇ ಬಾಡಿದಂಗ ಮೆತ್ತಗ ಇದ್ರ ಹುಳ ಅಲ್ಲ, ನೀರಿಂದೋ ಬಿಸಿಲಿಂದೋ ತ್ರಾಸ ಅದ. ಒಳಗ ಕಂದು ಕಲಿ, ಕೊಳೆತ ಹಂಗ ಅಂಟು ಅಂಟು, ಅದರಾಗ ಬಿಳಿ ಇಲ್ಲ ತಿಳಿ ಹಳದಿ ಬಣ್ಣದ 2 ಮಿಲಿಮೀಟರ್ ಉದ್ದದ ಹುಳ ಹೊರಳಾಡ್ಲಕತ್ತಿದ್ರ ಅದು ಮಿಡ್ಜ್ ಅಂಬೂ ಸಣ್ಣ ನೊಣದ ಮರಿ. ಒಂದು ಮೊಗ್ಗಿ ಸೀಳಿ ಸುಮ್ನ ಆಗಬ್ಯಾಡ್ರಿ, ಕಮ್ಮಿ ಅಂದ್ರೂ ಆರೇಳು ಸೀಳ್ರಿ, ಯಾಕಂದ್ರ ಹುಳ ಮೊಗ್ಗಿ ಬಿಟ್ಟು ಮಣ್ಣಿಗೆ ಹೋದ ಮ್ಯಾಲ ಸೀಳಿದ್ರ ಖಾಲಿ ಕಾಣ್ತದ, ಬರೇ ಕಂದು ಕಲಿ ಉಳಿದಿರ್ತದ.

ನನ್ನ ಏಪ್ರಿಲ್ ತಿಂಗಳ ಹತ್ತು ಮೊಗ್ಗಿಯೊಳಗ ಒಂದರಾಗೂ ಹುಳ ಇದ್ದಿಲ್ಲ. ಪಕಳಿ ಸ್ವಚ್ಛ. ಹಂಗಾಗಿ ಅವತ್ತೇ ಔಷಧದ ವಿಚಾರ ಬಿಟ್ಟೆ.

ಕೆಳಗಿಂದ ನೀರು ಬಂತು ಅಂದ್ರ ಗಿಡ ಕುಡೀತು ಅಂತ ಅಲ್ಲ

ನಮ್ಮ ಓಣಿಗೆ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರ್ತದ. ನೀರು ಬಂದ ದಿನ ಮನ್ಯಾಗ ಎಲ್ಲಾರಿಗೂ ಉಮೇದಿ, ಗಿಡಕ್ಕೂ ಕೊಡಗಟ್ಟಲೆ ಸುರೀತಿದ್ವಿ. ಮುಂದ ಟಾಕಿ ಇಳೀತಾ ಬಂದಂಗ ಪಾಟಿಗೊಂದು ತಂಬಗಿ, ನಾಲ್ಕನೇ ದಿನ ಅದೂ ಇಲ್ಲ. ಕ್ಯಾಲೆಂಡರ್ ಎರಡು ವಾರ ಬರೆದ ಮ್ಯಾಲ ನೋಡಿದ್ರ ಸಾಫ್ ಕಂಡಿತು, ಮೊಗ್ಗಿ ಜಾಸ್ತಿ ಬಿದ್ದದ್ದು ಒಣಗಿದ ದಿನ ಅಲ್ಲ, ಕೊಡಗಟ್ಟಲೆ ಹಾಕಿದ ಮ್ಯಾಲ ಒಂದು ಇಲ್ಲ ಎರಡು ದಿನಕ್ಕ. ಒಣಗಿದಾಗ ಬೇರಿನ ತುದಿಯ ಸಣ್ಣ ಕೂದಲಿನಂಥವು ಸಾಯ್ತಾವ, ಗಿಡ ಮೊಗ್ಗಿ ಬಿಡೂದಂತ ನಿರ್ಧಾರ ಮಾಡಿಬಿಟ್ಟಿರ್ತದ, ಅಷ್ಟರಾಗ ನಾವು ಹೋಗಿ ಒಮ್ಮಿಲೆ ತುಂಬಿಸ್ತೀವಿ. ನೋಡೋರಿಗೆ ನೀರು ಜಾಸ್ತಿ ಆಗಿ ಬಿತ್ತು ಅನಿಸ್ತದ. ಅದಕ್ಕ ಬಾಜು ಮನಿ ಅಕ್ಕ ನನಗ ಹೇಳಿದ್ದು, "ನೀ ಭಾಳ ನೀರು ಹಾಕ್ತೀದಿ ತಂಗಿ, ಕಮ್ಮಿ ಮಾಡು" ಅಂತ. ಕಮ್ಮಿ ಮಾಡಿದೆ, ಇನ್ನೂ ಹೆಚ್ಚು ಬಿದ್ವು.

ಇದಕ್ಕಿಂತ ದೊಡ್ಡ ಮೋಸ ಮಣ್ಣಿಂದು. ನಮ್ಮ ಭಾಗದಾಗ ಮಣ್ಣು ತಾ ಅಂದ್ರ ಹೊಲದ ಕರಿ ಮಣ್ಣೇ ತರ್ತಾರ, ನನ್ನ ಪಾಟಿನ್ಯಾಗೂ ಅದೇ ಇತ್ತು. ಕರಿ ಮಣ್ಣು ಒಣಗಿದ್ರ ಕುಗ್ತದ, ಬ್ಯಾಸಿಗ್ಯಾಗ ಹೊಲ ಬಿರಿಯೂದು ಎಲ್ಲಾರೂ ನೋಡೀರಿ, ಪಾಟಿನ್ಯಾಗ ಅದು ಗೋಡಿ ಬಿಟ್ಟು ಒಳಗ ಸರೀತದ. ನನ್ನ 12 ಇಂಚಿನ ಪಾಟಿನ ಅಂಚಿಗೆ ಕಿರುಬೆರಳು ಇಳಿಯೂವಷ್ಟು ಸಂದಿ ಬಿದ್ದಿತ್ತು. ನೀರು ಹಾಕಿದ್ರ ಆ ಸಂದಿಯಾಗ ಜರ್ರಂತ ಇಳಿದು ಅರ್ಧ ನಿಮಿಷದಾಗ ಕೆಳಗಿನ ತೂತಿನಿಂದ ಹೊರಗ ಬರ್ತಿತ್ತು. ನಾನು ತುಂಬಿತು ಅಂತ ತಿಳ್ಕೊಂಡು ಮುಂದಿನ ಪಾಟಿಗೆ ಹೋಗ್ತಿದ್ದೆ. ಒಂದಿನ ನೀರು ಹಾಕಿದ ಹತ್ತು ನಿಮಿಷಕ್ಕ ಬಿದಿರಿನ ಕಡ್ಡಿ ನಡು ಮಣ್ಣಿನ್ಯಾಗ ಚುಚ್ಚಿ ನೋಡಿದ್ರ, ಎರಡು ಇಂಚಿಗೆ ಮ್ಯಾಲ ಇಳೀಲೇ ಇಲ್ಲ, ಹೊರಗ ತೆಗೆದ್ರ ಕಡ್ಡಿ ಒಣಾ ಧೂಳು. ಬೇರಿರೂ ಜಾಗಕ್ಕ ನೀರೇ ಮುಟ್ಟಿದ್ದಿಲ್ಲ.

ನಿಮ್ಮ ಪಾಟಿಗೂ ಇದೇ ಪರೀಕ್ಷಾ ಮಾಡ್ರಿ. ನೀರು ಹಾಕಿ ಹತ್ತು ನಿಮಿಷ ಬಿಟ್ಟು ಕಡ್ಡಿ ಚುಚ್ಚ್ರಿ, ಅಂಚಿಗಲ್ಲ, ಕಾಂಡಕ್ಕ ನಾಲ್ಕು ಬೆರಳು ದೂರ, ಅಂಗೈ ಆಳಕ್ಕ. ಕಡ್ಡಿಗೆ ಮಣ್ಣು ಹತ್ತಿ ತಂಪು ತಾಗಿದ್ರ ಸರಿ. ಇನ್ನೊಂದು ಉಪಾಯ ಅಂದ್ರ ಪಾಟ್ ಒಂದು ಕಡಿಯಿಂದ ಸ್ವಲ್ಪ ಎತ್ತಿ ನೋಡೂದು. ಪೂರಾ ನೀರು ಕುಡಿದ ಪಾಟಿನ ಭಾರ ಒಮ್ಮೆ ಕೈಗೆ ಗೊತ್ತಾದ್ರ ಆಮ್ಯಾಲ ಕಡ್ಡಿನೂ ಬೇಕಾಗಂಗಿಲ್ಲ.

ಒಣಗಿ ಕಲ್ಲಾದ ಮಣ್ಣಿಗೆ ಮ್ಯಾಲಿಂದ ಎಷ್ಟು ಸುರಿದ್ರೂ ವ್ಯರ್ಥ. ದೊಡ್ಡ ಬುಟ್ಟಿಯಾಗ ಇಲ್ಲ ಟಬ್ಬಿನ್ಯಾಗ ನೀರು ತುಂಬಿ, ಪಾಟನ್ನ ಅದರ ಅಂಚಿಗಿಂತ ಸ್ವಲ್ಪ ಕೆಳಗಿನ ತನಕ ಇಳಿಸಿ ಅರ್ಧ ತಾಸು ಇಡ್ರಿ, ಗುಳ್ಳಿ ಬರೂದು ನಿಂತ ಮ್ಯಾಲ ತೆಗೀರಿ. ಪಾಟ್ ಎತ್ತಲಾಗದಷ್ಟು ದೊಡ್ಡದಿದ್ರ ಅಂಚಿನ ಸಂದಿಗೆ ಮಣ್ಣು, ಗೊಬ್ಬರ ತುಂಬಿ ಒತ್ತಿ, ಒಂದು ತಂಬಗಿ ಹಾಕಿ ಹದಿನೈದು ನಿಮಿಷ ಬಿಟ್ಟು ಮತ್ತೊಂದು, ಹಿಂಗ ಮೂರು ನಾಲ್ಕು ಸಲ. ಆಮ್ಯಾಲ ದಿನಾ ಒಂದೇ ಅಳತಿ. ಏಪ್ರಿಲ್ ಮೇದಾಗ ನನ್ನ 12 ಇಂಚಿನ ಪಾಟಿಗೆ ಮುಂಜಾನಿ 2 ಲೀಟರ್ ಹಿಡೀತದ, ಸಂಜಿಗೆ ಕಡ್ಡಿ ಒಣಗಿ ಬಂದ್ರ ಮತ್ತ ಅರ್ಧ ಲೀಟರ್. ನಿಮ್ಮ ಗಿಡ ದೊಡ್ಡದಿದ್ರ ಹೆಚ್ಚು ಬೇಕು, ಅದನ್ನ ಕಡ್ಡಿನೇ ಹೇಳ್ತದ. ನೀರು ನಾಲ್ಕು ದಿನಕ್ಕೊಮ್ಮೆ ಬರೂ ಮನ್ಯಾಗ ಗಿಡದ ನೀರು ಬ್ಯಾರೆನೇ ತೆಗೆದಿಡೂದು ಒಂದೇ ದಾರಿ, ನಾನು ಈಗ ಗಿಡಕ್ಕಂತ ಒಂದು ಡ್ರಮ್ ಇಟ್ಟೀನಿ, ಅಕ್ಕಿ ಬ್ಯಾಳಿ ತೊಳದ ನೀರೂ ಅದಕ್ಕೇ ಹೋಗ್ತದ, ಆದ್ರ ಅದನ್ನ ಅವತ್ತೇ ಹಾಕಿ ಮುಗಿಸ್ತೀನಿ, ಇಲ್ಲಾಂದ್ರ ವಾಸನಿ ಹಿಡೀತದ. ಡ್ರಮ್ ಬಾಯಿ ಮುಚ್ಚೇ ಇಡ್ರಿ, ಸೊಳ್ಳಿ ಆಗ್ತಾವ.

ಮಣ್ಣು ಬದಲಿ ಮಾಡಬೇಕಂದ್ರ ಬ್ಯಾಸಿಗ್ಯಾಗ ಮಾಡಬ್ಯಾಡ್ರಿ, ಬೇರು ಅಲ್ಲಾಡಿಸಿದ್ರ ಇದ್ದ ಮೊಗ್ಗಿನೂ ಹೋಗ್ತಾವ. ಮಳಿ ಹಿಡಿದ ಮ್ಯಾಲ ಮಾಡ್ರಿ. ನಾನು ಜುಲೈದಾಗ ಕರಿ ಮಣ್ಣು ಒಂದು ಪಾಲು, ಕೆಂಪು ಮಣ್ಣು ಎರಡು, ಹಳೇ ಕೊಟ್ಟಿಗಿ ಗೊಬ್ಬರ ಒಂದು, ಉಸುಕು ಒಂದು ಹಿಂಗ ಕೂಡಿಸಿ ಹಾಕಿದೆ, ಈಗ ಸಂದಿ ಬೀಳೂದಿಲ್ಲ. ಅಂಗಳದ ಕೆಂಪು ದಾಸಾಳಕ್ಕ ಯಾಕ ಏನೂ ಆಗಿದ್ದಿಲ್ಲ ಅನ್ನೂದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಅದರ ಬೇರು ನೆಲದಾಗ ಆಳಕ್ಕ ಹೋಗ್ಯಾವ, ಅಲ್ಲಿ ನಾಲ್ಕು ದಿನದಾಗ ಒಣಗೂದೂ ಇಲ್ಲ, ಒಮ್ಮಿಲೆ ತುಂಬೂದೂ ಇಲ್ಲ.

ಪರ್ಸಿ ಮ್ಯಾಲಿನ ಕಾವು

ನೀರು ಸರಿ ಮಾಡಿದ ಮ್ಯಾಲ ಹತ್ತು ದಿನ ಛಲೋ ನಡೀತು, ಉದುರೂದು ದಿನಕ್ಕ ಒಂದೆರಡಕ್ಕ ಇಳೀತು. ಮೇ ಬಂತು, ಬಿಸಿಲು 42, 43 ಮುಟ್ಟಿತು, ಮತ್ತ ಶುರು. ಈ ಸಲ ಬೀಳೂ ಮೊಗ್ಗಿ ಬ್ಯಾರೆ ಥರ ಇದ್ವು. ಏಪ್ರಿಲ್‌ದಾಗ ಸಣ್ಣವು ದೊಡ್ಡವು ಎಲ್ಲಾ ಕೂಡಿ ಬಿದ್ದಿದ್ವು, ಈಗ ಕಡಲಿ ಕಾಳಿನಷ್ಟು, ಶೇಂಗಾ ಕಾಳಿನಷ್ಟು ಇರೂ ಸಣ್ಣವೇ ಹೆಚ್ಚು, ತುದಿ ಒಣಗಿ ಸುಟ್ಟಂಗ ಆಗಿ ಬೀಳ್ಲಕತ್ತಿದ್ವು, ಅದೂ ಪಡುವಣ ದಿಕ್ಕಿನ ಟೊಂಗಿಯಿಂದ ಹೆಚ್ಚು. ಸೀಳಿದ್ರ ಒಳಗ ಸ್ವಚ್ಛ.

ನೀರಿನ ತ್ರಾಸೋ ಕಾವಿನ ತ್ರಾಸೋ ಅಂತ ಬ್ಯಾರೆ ಮಾಡ್ಲಿಕ್ಕ ಒಂದು ಭರೋಸಾದ ಗುರುತು ಅದ. ಮಧ್ಯಾಹ್ನ 3 ಗಂಟೆಕ್ಕ ಎಲಿ ಜೋತು ಬಿದ್ದಾವ ಅಂದ್ರ ಓಡಿ ಹೋಗಿ ನೀರು ಹಾಕಬ್ಯಾಡ್ರಿ, ಮೊದಲ ಕಡ್ಡಿ ಚುಚ್ಚ್ರಿ. ಮಣ್ಣು ಹಸಿ ಇದ್ದೂ ಎಲಿ ಜೋತು ಬಿದ್ದು, ರಾತ್ರಿ ಆಗೂದ್ರಾಗ ತಾನೇ ಎದ್ದು ನಿಂತ್ರ ಅದು ಕಾವು. ಎಲಿಯಿಂದ ಹೋಗೂ ನೀರಿನಷ್ಟು ಬೇರು ಎಳಕೊಳ್ಳಲಾರದ ಸೋತದ, ಸೂರ್ಯ ಇಳಿದ ಮ್ಯಾಲ ಸುಧಾರಿಸ್ಕೊಂಡದ. ಮರುದಿನ ನಸುಕಿನ್ಯಾಗೂ ಎಲಿ ಜೋತೇ ಇದ್ರ ಬೇರಿನ ಕಡಿ ಏನೋ ಆಗ್ಯದ, ಒಂದೋ ಪೂರಾ ಒಣಗ್ಯದ ಇಲ್ಲ ನೀರು ನಿಂತು ಬೇರು ಕೊಳೀಲಕತ್ಯದ. ಮಣ್ಣು ಹಸಿ ಇದ್ದಾಗ ಅದರ ಮ್ಯಾಲ ಮತ್ತ ನೀರು ಹಾಕಿದ್ರ ಕಾವಿನ ತ್ರಾಸ ಹೋಗಿ ಬೇರು ಕೊಳಿಯೂ ತ್ರಾಸ ಬರ್ತದ, ಬಿಸಿಲುಗಾಲದಾಗ ದಾಸಾಳ ಸಾಯೂದು ಹಿಂಗೇ ಹೆಚ್ಚು.

ಪಾಟಿನ ಗೋಡಿಗೆ 3 ಗಂಟೆಕ್ಕ ಅಂಗೈ ಇಟ್ಟು ನೋಡ್ರಿ. ನಮ್ಮ ಮಾಳಗಿಗೆ ಶಹಾಬಾದ್ ಪರ್ಸಿ ಹಾಕ್ಯಾರ, ಚಪ್ಪಲ್ ಇಲ್ಲದ ಕಾಲಿಡ್ಲಿಕ್ಕ ಆಗೂದಿಲ್ಲ, ಕರಿ ಪ್ಲಾಸ್ಟಿಕ್ ಪಾಟ್ ಅಂತೂ ಐದು ಎಣಿಸೂ ತನಕ ಕೈ ಇಡ್ಲಿಕ್ಕ ಆಗ್ಲಿಲ್ಲ. ಬೇರು ಆ ಗೋಡಿಗೇ ಹತ್ತಿಕೊಂಡು ಬೆಳೆದಿರ್ತಾವ, ಅಂದ್ರ ನಮ್ಮ ಕೈಗೆ ತಡೀಲಾರದ್ದನ್ನ ಅವು ದಿನಾ ನಾಲ್ಕು ತಾಸು ತಡೀತಾವ. ಮ್ಯಾಲಿನ ಸಿಂಟೆಕ್ಸ್ ಟಾಕಿಯಿಂದ ಪೈಪಿನ್ಯಾಗ ಬರೂ ನೀರು ಮಧ್ಯಾಹ್ನ ಕುದಿಯೂವಂಗ ಇರ್ತದ, ಅದನ್ನ ನೇರ ಬೇರಿಗೆ ಬಿಟ್ರ ಏನಾಗ್ತದ ಹೇಳೂದು ಬ್ಯಾಡ. ಪೈಪಿನ ಮೊದಲ ಬಕೀಟ್ ನೀರು ಬ್ಯಾರೆ ಇಟ್ಟು ತಣ್ಣಗಾದ ಮ್ಯಾಲ ಬಳಸ್ರಿ, ನೀರು ಹಾಕೂದು ನಸುಕಿನ್ಯಾಗೇ ಮುಗಿಸ್ರಿ.

ಇದು ನಿಜಾ ಕಾವೇನಾ ಅಂತ ಖಾತ್ರಿ ಮಾಡ್ಕೊಳ್ಳಲಿಕ್ಕ ನಾನು ಎರಡು ಪಾಟಿನ್ಯಾಗ ಒಂದಕ್ಕ ಮಾತ್ರ ವ್ಯವಸ್ಥಾ ಮಾಡ್ದೆ, ಇನ್ನೊಂದನ್ನ ಹಂಗೇ ಬಿಟ್ಟೆ, ನೀರು ಎರಡಕ್ಕೂ ಮೊದಲಿನ ಅಳತಿನೇ. ಹಳದಿ ಗಿಡದ ಪಾಟಿಗೆ ಎರಡು ಇಟ್ಟಂಗಿ ಇಟ್ಟು ಪರ್ಸಿಯಿಂದ ಎತ್ತರಿಸಿ, ಸುತ್ತ ಹಳೇ ಗೋಣಿಚೀಲ ಸುತ್ತಿ, ಮಣ್ಣಿನ ಮ್ಯಾಲ ಎರಡು ಇಂಚು ಒಣ ಎಲಿ, ತೊಗರಿ ಹೊಟ್ಟು ಹರವಿ, ಪಡುವಣ ಕಡಿ 50 ಪರ್ಸೆಂಟ್ ಬಿಸಿಲು ತಡೆಯೂ ಹಸಿರು ನೆಟ್ ಕಟ್ಟಿದೆ. ಪೂರಾ ನೆರಳಿಗೆ ಒಯ್ಯಲಿಲ್ಲ, ಮುಂಜಾನಿ ಬಿಸಿಲು ದಾಸಾಳಕ್ಕ ಬೇಕೇ ಬೇಕು, ಇಲ್ಲಾಂದ್ರ ಹೊಸ ಮೊಗ್ಗಿನೇ ಬರೂದಿಲ್ಲ. ಎಂಟು ದಿನದ ಮ್ಯಾಲ ಕ್ಯಾಲೆಂಡರ್ ನೋಡಿದ್ರ ಹಳದಿ ಗಿಡದಿಂದ ಬಿದ್ದದ್ದು 4, ಹಂಗೇ ಬಿಟ್ಟಿದ್ದ ಗುಲಾಬಿ ಗಿಡದಿಂದ 19. ಎರಡೂ ಬ್ಯಾರೆ ಜಾತಿ ಗಿಡ, ಹಂಗಾಗಿ ಇದನ್ನ ತಕ್ಕಡಿಯಾಗ ತೂಗಿದ ಸತ್ಯ ಅಂತ ಹೇಳೂದಿಲ್ಲ, ಆದ್ರ ಗುಲಾಬಿ ಗಿಡಕ್ಕೂ ಗೋಣಿ ನೆಟ್ ಕಟ್ಟಿದ ಮ್ಯಾಲ ಅದರದ್ದೂ ಇಳೀತು, ಅಷ್ಟು ನನಗ ಸಾಕಾಯ್ತು.

ಒಂದು ಮಿತಿ ಹೇಳಬೇಕು. ಮುದ್ದೆ ಹೂವಿನ ಗಿಡ, ನರ್ಸರಿಯಿಂದ ತಂದ ದೊಡ್ಡ ಹೂವಿನ ಹೈಬ್ರಿಡ್ ಇವು ನಮ್ಮ ಮೇ ತಿಂಗಳ ಒಣ ಗಾಳಿಗೆ ಎಲ್ಲಾ ವ್ಯವಸ್ಥಾ ಮಾಡಿದ್ರೂ ಒಂದಿಷ್ಟು ಉದುರಿಸೇ ಉದುರಿಸ್ತಾವ. ಅದನ್ನ ರೋಗ ಅನ್ಕೊಂಡು ಹಿಂದ ಬೀಳಬ್ಯಾಡ್ರಿ. ಯೂರಿಯಾ ಅಂತೂ ಹಾಕಬ್ಯಾಡ್ರಿ, ಎಲಿ ಹಸಿರಾಗಿ ಗಿಡ ಉಬ್ಬತದ, ಮೊಗ್ಗಿ ಇನ್ನೂ ಕಮ್ಮಿ ಆಗ್ತಾವ.

ಮಳಿ ಬಂದ ಮ್ಯಾಲೂ ನಿಲ್ಲಲಿಲ್ಲ

ಜೂನ್ ಎರಡನೇ ವಾರ ಮಳಿ ಹಿಡೀತು. ಗಾಳಿ ತಂಪು, ಮಣ್ಣು ಹದ, ನನಗ ಎಲ್ಲಾ ಮುಗೀತು ಅನಿಸಿತ್ತು. ಗುಲಾಬಿ ಗಿಡ ಹೂ ಕೊಡ್ಲಕತ್ತಿತು. ಹಳದಿ ಗಿಡದ ತುಂಬ ಮೊಗ್ಗಿ, ಬಟ್ಟಿನ ಗಾತ್ರ ಆಗೂ ತನಕ ಬರ್ತಿದ್ವು, ಇನ್ನ ಎರಡು ಮೂರು ದಿನದಾಗ ಬಣ್ಣ ಕಾಣಬೇಕು ಅನ್ನೂದ್ರಾಗ ಹಳದಿ ಆಗಿ ಬೀಳ್ತಿದ್ವು. ದೊಡ್ಡವೇ ಬೀಳ್ತಾವ, ಸಣ್ಣವು ಗಟ್ಟಿ ಅವ. ಎಲಿ ಒಂದೂ ಜೋತಿಲ್ಲ, ಒಂದೂ ಹಳದಿ ಇಲ್ಲ. ಗಿಡ ಆರೋಗ್ಯವಾಗಿ ಇದ್ದು ಒಂದೇ ಗಾತ್ರದ ಮೊಗ್ಗಿ ಬೀಳ್ಲಕತ್ತಿದ್ರ ಅಲ್ಲೇ ಸಂಶಯ ಬರಬೇಕು. ಕೆಲವು ಮೊಗ್ಗಿಯ ತುದಿ ಒಂದು ಕಡಿ ಬಾಗಿ ಡೊಂಕಾಗಿತ್ತು, ಒತ್ತಿದ್ರ ಮೆತ್ತಗ.

ತಾಟಿನ್ಯಾಗ ಹಾಕಿ ಸೀಳಿದೆ. ಪಕಳಿ ನಡುವ ಕಂದು ನೀರು, ಅದರಾಗ ಸಣ್ಣ ಸಣ್ಣ ಹಳದಿ ಹುಳ, ಒಂದೇ ಮೊಗ್ಗಿಯಾಗ ಹನ್ನೊಂದು ಎಣಿಸಿದೆ. ನೋಡ್ತಾ ಇದ್ದಂಗ ಒಂದು ಹುಳ ಮೈ ಬಿಲ್ಲಿನಂಗ ಬಗ್ಗಿಸಿ ಟಪ್ ಅಂತ ಚಿಮ್ಮಿ ತಾಟಿನ ಆ ಕಡಿ ಬಿತ್ತು. ಕಾಲಿಲ್ಲದ ಹುಳ, ಆದ್ರ ಜಿಗೀತದ. ಈ ಜಿಗಿಯೂದು ಮಿಡ್ಜ್ ಮರಿಯ ಒಂದು ಗುರುತು. ಥ್ರಿಪ್ಸ್ ಇದ್ರ ಉದ್ದಕ್ಕ ತೆಳ್ಳಗ ಇದ್ದು ಕಾಲಿನಿಂದ ಓಡ್ತಾವ, ಬಿಳಿ ಹಾಳಿ ಮ್ಯಾಲ ಮೊಗ್ಗಿ ಝಾಡಿಸಿದ್ರ ಬೀಳ್ತಾವ, ಪಕಳಿ ಮ್ಯಾಲ ಬೆಳ್ಳಿ ಗೀರು ಮಾಡ್ತಾವ. ಬಿಳಿ ಹಿಟ್ಟಿನ ಹುಳ ಅಂತೂ ಹೊರಗೇ ಕಾಣ್ತದ, ಇರುವಿ ಸಾಲು ಹಿಡಿದು ಹೋದ್ರ ಸಿಕ್ಕೇ ಸಿಗ್ತದ.

ಸೀಳಿ ನೋಡೂದು ಹೇಸಿಗಿ ಅನಿಸಿದ್ರ ಇನ್ನೊಂದು ದಾರಿ ಅದ. ಹಳದಿ ಆಗಿ ಇನ್ನೂ ಗಿಡದ ಮ್ಯಾಲೇ ಇರೂ ಮೊಗ್ಗಿ ಐದಾರು ಕಿತ್ತು ಬಿಗಿ ಮುಚ್ಚೂ ಪ್ಲಾಸ್ಟಿಕ್ ಚೀಲದಾಗ ಹಾಕಿ ಒಂದು ರಾತ್ರಿ ಇಡ್ರಿ. ಹುಳ ಇದ್ರ ಮುಂಜಾನಿಗೆ ಚೀಲದ ಗೋಡಿಗೆ ಹತ್ತಿಕೊಂಡಿರ್ತಾವ.

ಆ ಟೈಮಿಗೆ ಆಳಂದ ಕಡಿಯಿಂದ ನಮ್ಮ ಕಾಕಾ ಬಂದಿದ್ರು, ತಾಟು ತೋರಿಸಿದೆ. "ಇದು ಜ್ವಾಳದ ತೆನಿಗೆ ಬರೂ ನೊಣದ ಅಣ್ಣ ತಮ್ಮ ಇದ್ದಂಗ ಅದಲ್ಲವಾ" ಅಂದ್ರು. ಅವರ ಮಾತು ಖರೇನೇ ಅದ, ಮುಂಗಾರಿ ಜ್ವಾಳ ಹೂ ಬಿಡೂವಾಗ ಮೊಟ್ಟಿ ಇಟ್ಟು ಕಾಳು ಜೊಳ್ಳು ಮಾಡೂ ನೊಣ ಇದೇ ಮನಿತನದ್ದು, ದಾಸಾಳಕ್ಕ ಬರೂದು ಕಾಂಟರಿನಿಯಾ ಅನ್ನೂ ಜಾತಿ. ನಾನು ಏನು ಹೊಡೀಬೇಕು ಅಂತ ಕೇಳಿದ್ದಕ್ಕ ಅವರು, "ಹೊಡೆಯೂದು ಆಮ್ಯಾಲ. ಊರಾಗ ಎಲ್ಲಾರೂ ಒಮ್ಮೆ ಬಿತ್ತಿದ್ರ ಇದರ ಕಾಟ ಕಮ್ಮಿ, ಹಿಂದ ಹಿಂದ ಬಿತ್ತಿದ್ರ ಒಂದು ಹೊಲದ್ದು ಇನ್ನೊಂದಕ್ಕ ಹೋಗಿ ಬೆಳೀತದ. ಅದಕ್ಕ ಮೊಟ್ಟಿ ಇಡ್ಲಿಕ್ಕ ಜಾಗಾನೇ ಸಿಗಬಾರದು" ಅಂದ್ರು. ಈ ಮಾತಿನ ಮ್ಯಾಲೇ ಮುಂದಿನದ್ದೆಲ್ಲಾ ನಿಂತದ.

ಯಾಕಂದ್ರ ಈ ನೊಣದ ಬಾಳು ಹಿಂಗ ಅದ. ಹೆಣ್ಣು ನೊಣ ಸೊಳ್ಳಿಗಿಂತ ಸಣ್ಣದು, ಕಣ್ಣಿಗೆ ಬೀಳೂದೇ ಇಲ್ಲ, ಬಂದು ಮುಚ್ಚಿದ ಮೊಗ್ಗಿಯ ತುದಿಯೊಳಗ ಮೊಟ್ಟಿ ಇಡ್ತದ. ಒಂದು ದಿನದಾಗ ಮರಿ ಆಗಿ ಒಳಗ ಇಳೀತಾವ, ಐದರಿಂದ ಏಳು ದಿನ ಪಕಳಿ ರಸ ಹೀರ್ತಾವ, ಅಷ್ಟರಾಗ ಮೊಗ್ಗಿ ಹಳದಿ ಆಗಿ ಬೀಳ್ತದ. ಬಿದ್ದ ಮೊಗ್ಗಿಯಿಂದ ಚಿಮ್ಮಿ ಮಣ್ಣಿಗೆ ಇಳಿದು ಕೋಶ ಕಟ್ಕೊಂಡು ಎರಡು ವಾರದ ಮ್ಯಾಲ ಮತ್ತ ನೊಣ ಆಗಿ ಏಳ್ತಾವ. ನೊಣ ಬದುಕೂದು ನಾಲ್ಕು ದಿನ ಅಷ್ಟೇ. ಎಲ್ಲಾ ಕೂಡಿ 21 ರಿಂದ 28 ದಿನ. ಅಂದ್ರ ಹುಳ ಮೊಗ್ಗಿಯೊಳಗ ಇದ್ದಾಗ ಮ್ಯಾಲ ಹೊಡೆದ ಬೇವಿನ ಎಣ್ಣಿ ಅದಕ್ಕ ಮುಟ್ಟೂದಿಲ್ಲ, ಮಣ್ಣಿನೊಳಗ ಇದ್ದಾಗಲೂ ಮುಟ್ಟೂದಿಲ್ಲ. ನಾನು ಎರಡು ವಾರ ಬೇವಿನ ಎಣ್ಣಿ ಹೊಡೆದು ಇದನ್ನ ಕಣ್ಣಾರೆ ನೋಡೀನಿ. ಆದ್ರ ನೊಣಕ್ಕ ಇರೂ ನಾಲ್ಕು ದಿನದಾಗ ಮೊಗ್ಗಿ ಸಿಗಲಿಲ್ಲ ಅಂದ್ರ ಅದರ ವಂಶ ಅಲ್ಲಿಗೇ ನಿಲ್ತದ.

ಹಂಗಾಗಿ ಮಾಡೂದು ಏನಂದ್ರ, ಕಡಲಿ ಕಾಳಿಗಿಂತ ದೊಡ್ಡ ಮೊಗ್ಗಿ ಎಲ್ಲಾ ಕಿತ್ತು ಹಾಕೂದು, ಛಲೋ ಕಾಣೂವೂ ಸೇರಿ, ಮೂರು ದಿನಕ್ಕೊಮ್ಮೆ, ಪೂರಾ ನಾಲ್ಕು ವಾರ. ಬಿದ್ದದ್ದು ದಿನಾ ಆರಿಸೂದು. ಕಿತ್ತದ್ದು ಗೊಬ್ಬರದ ಗುಂಡಿಗೆ ಹಾಕಬ್ಯಾಡ್ರಿ, ಅಲ್ಲೇ ನೊಣ ಎದ್ದು ಬರ್ತಾವ. ಪ್ಲಾಸ್ಟಿಕ್ ಚೀಲಕ್ಕ ಹಾಕಿ ಗಂಟು ಕಟ್ಟಿ ಎರಡು ಮೂರು ದಿನ ಬಿಸಿಲಿಗೆ ಇಟ್ಟು ಆಮ್ಯಾಲ ಕಸದ ಗಾಡಿಗೆ ಕೊಡ್ರಿ. ಪಾಟಿನ ಮ್ಯಾಲಿನ ಒಂದು ಇಂಚು ಮಣ್ಣು ಕೆರೆದು ಅದನ್ನೂ ಹಂಗೇ ಚೀಲದಾಗ ಬಿಸಿಲಿಗೆ ಹಾಕಿ, ಆ ಜಾಗಕ್ಕ ಹೊಸ ಮಣ್ಣಿನ ಕೂಡ ಒಂದು ಮುಷ್ಟಿ ಬೇವಿನ ಹಿಂಡಿ ಕೂಡಿಸಿ ಹಾಕಿದೆ. ಬ್ಯಾಸಿಗ್ಯಾಗ ಹಾಕಿದ್ದ ಒಣ ಎಲಿ ಹೊಟ್ಟು ತೆಗೆದೆ, ಅದರ ಕೆಳಗಿನ ಹಸಿ ಹುಳಕ್ಕ ಛಲೋ ಹಾಸಿಗಿ ಆಗ್ತದ. ಅರಳೂವಂಗ ಕಾಣೂ ಮೊಗ್ಗಿ ಕೀಳ್ಲಿಕ್ಕ ಜೀವ ಒಪ್ಪೂದಿಲ್ಲ, ನಮ್ಮ ಅತ್ತಿಯವರು ಗಣಪತಿಗೆ ಏನು ಏರಿಸೂದು ಅಂತ ಎರಡು ದಿನ ಬ್ಯಾಸರ ಮಾಡ್ಕೊಂಡಿದ್ರು, ಪುಣ್ಯಾಕ್ಕ ಅಂಗಳದ ಕೆಂಪು ಗಿಡ ಇತ್ತು. ಒಂಟಿ ಪಕಳಿಯ ನಾಟಿ ಕೆಂಪಿಗೆ ಈ ಕಾಟ ಕಮ್ಮಿ, ಹಳದಿ ಮತ್ತ ಗುಲಾಬಿಯ ಮುದ್ದೆ ಜಾತಿಗಳಿಗೆ ಹೆಚ್ಚು.

ನಾಲ್ಕು ವಾರ ಅಂದಿದ್ದೆ, ನಾನು ಮೂರು ವಾರಕ್ಕ ಬಿಟ್ಟೆ. ಜುಲೈ ಮೂರನೇ ವಾರ ಮತ್ತ ಹಳದಿ ಆದ್ವು, ಮತ್ತ ಹುಳ. ಒಂದು ವಾರ ಮೊದಲೇ ಬಿಟ್ಟದ್ದು ಒಂದು ತಪ್ಪು, ಆದ್ರ ದೊಡ್ಡ ತಪ್ಪು ಬ್ಯಾರೆ ಇತ್ತು. ಅದೇ ಮಾಳಗಿ ಮೂಲ್ಯಾಗ ದುಂಡು ಮಲ್ಲಿಗಿ ಪಾಟ್ ಅದ. ಅದರ ಮೊಗ್ಗಿ ಸ್ವಲ್ಪ ದಿನದಿಂದ ಬೆಳೀಲಾರದ ಗಿಡ್ಡ ಉಳಿದು ನೇರಳಿ ಬಣ್ಣಕ್ಕ ತಿರುಗಿದ್ವು, ನಾನು ಮಳಿಗೆ ಹಿಂಗ ಆಗ್ಯದ ಅನ್ಕೊಂಡಿದ್ದೆ. ಸೀಳಿದ್ರ ಅದೇ ಹುಳ. ಈ ನೊಣ ಮಲ್ಲಿಗಿ ಮೊಗ್ಗಿಯಾಗೂ ಬೆಳೀತದ, ಟೊಮ್ಯಾಟಿ ಬದನಿ ಹೂವಿಗೂ ಹೋಗ್ತದ. ನಾನು ಒಂದು ಬಾಗಿಲು ಹಾಕಿ ಇನ್ನೊಂದು ತೆರೆದಿಟ್ಟಂಗ ಆಗಿತ್ತು. ಬಾಜು ಮನಿ ಅಕ್ಕನ ಮಾಳಗಿ ನಮ್ಮದಕ್ಕ ಹತ್ತೇ ಅದ, ಅವರ ಗಿಡದ್ದೂ ಸೀಳಿ ನೋಡಿದ್ವಿ, ಅಲ್ಲೂ ಇತ್ತು. ಎರಡೂ ಮನ್ಯಾಗ ಒಂದೇ ದಿನ ಶುರು ಮಾಡಿ, ದಾಸಾಳ ಮಲ್ಲಿಗಿ ಎರಡರದ್ದೂ ಪೂರಾ 28 ದಿನ ಕಿತ್ವಿ.

ಔಷಧ ಬೇಕೇ ಬೇಕು ಅನ್ನೋರಿಗೆ ಎರಡು ಮಾತು. ಅಂಗಡಿಗೆ ಹೋಗಿ "ನುಸಿ ಆಗ್ಯದ" ಅಂತ ಹೇಳಬ್ಯಾಡ್ರಿ, ನಮ್ಮ ಕಡಿ ಔಷಧ ಅಂಗಡಿಯಾಗ ನುಸಿ ಅಂದ್ರ ಎಲಿ ಮುಟುರು ಮಾಡೂ ಮೈಟ್ ಅಂತ ತಿಳ್ಕೊಂಡು ಅದರ ಔಷಧ ಕೊಡ್ತಾರ, ಅದು ಇದಕ್ಕ ಕೆಲಸ ಮಾಡೂದಿಲ್ಲ. ಮೊಗ್ಗಿಯೊಳಗಿನ ಮಿಡ್ಜ್ ಹುಳ ಅಂತ ಹೇಳ್ರಿ, ಸಾಧ್ಯ ಆದ್ರ ಚೀಲದಾಗ ಒಯ್ದು ತೋರಿಸ್ರಿ. ಬೇರಿಗೆ ಹಾಕೂ ಇಮಿಡಾಕ್ಲೋಪ್ರಿಡ್ ಥರದ್ದು ಗಿಡದ ಮೈಯೊಳಗ ಹೋಗಿ ಒಳಗಿನ ಹುಳಕ್ಕ ಮುಟ್ತದ, ಆದ್ರ ಅದು ಹೂವಿನ ರಸಕ್ಕೂ ಬರ್ತದ, ಜೇನುಹುಳ ಸಾಯ್ತಾವ. ದಾಸಾಳದ ಹೂ ಎಣ್ಣಿಗೆ ಹಾಕೋರು, ಕಷಾಯ ಕುಡಿಯೋರು, ತಲಿಗೆ ಹಚ್ಕೊಳ್ಳೋರು ಮನ್ಯಾಗ ಇದ್ರ ಅದನ್ನ ಹಾಕೂದೇ ಬ್ಯಾಡ. ನಮ್ಮ ಅಂಗಳದ ಕೆಂಪು ಗಿಡಕ್ಕ ದಿನಾ ಮುಂಜಾನಿ ಒಂದು ಜೋಡಿ ಸಣ್ಣ ಸೂರಕ್ಕಿ ರಸ ಕುಡೀಲಿಕ್ಕ ಬರ್ತಾವ, ಅವನ್ನ ನೋಡಿದ ಮ್ಯಾಲ ನನಗ ಆ ಬಾಟಲಿ ಕೊಳ್ಳಲಿಕ್ಕ ಮನಸ್ಸೇ ಬರಲಿಲ್ಲ.

28 ದಿನ ಮುಗಿದದ್ದು ಆಗಸ್ಟ್ ಕೊನಿಗೆ. ಅವತ್ತಿಂದ ಮೊಗ್ಗಿ ಕೀಳೂದು ನಿಲ್ಲಿಸಿ, ಬಿದ್ದದ್ದು ಮಾತ್ರ ಸೀಳಿ ನೋಡ್ತಾ ಬಂದೆ. ಮೊದಲ ವಾರ ಎರಡು ಬಿದ್ವು, ಎರಡರಾಗೂ ಹುಳ ಇಲ್ಲ. ಗಣೇಶ ಚೌತಿ ಸುತ್ತಮುತ್ತ ಒಂದಿನ ನಸುಕಿನ್ಯಾಗ ನೀರಿನ ತಂಬಗಿ ಹಿಡ್ಕೊಂಡು ಮ್ಯಾಲ ಹೋದ್ರ ಹಳದಿ ಗಿಡದ ಮ್ಯಾಲ ತಾಟಿನಷ್ಟು ಅಗಲದ ಒಂದು ಹೂ ಅರಳಿತ್ತು, ನಡುವ ಕೆಂಪು ಕಣ್ಣು. ಅತ್ತಿಯವರನ್ನ ಕೂಗಿದೆ. ಅಕ್ಕನ ಗಿಡದಾಗ ಇನ್ನೂ ನಾಲ್ಕು ಮೊಗ್ಗಿ ಬಣ್ಣ ತೋರಿಸ್ಲಕತ್ತಾವ, ದಿನಾ ಸಂಜಿಗೆ ಗೋಡಿ ಮ್ಯಾಲಿಂದ ಕೇಳ್ತಾರ, "ನಿಂದು ಇವತ್ತು ಏನರ ಬಿತ್ತೇನು ತಂಗಿ" ಅಂತ.